ಹಳದಿ ಬಿದ್ದ ಬೆಂಡೆ ಎಲೆಯ ಫೋಟೊ ಓದುವ ಬಗೆ

ಬೆಂಡೆ ಗಿಡದ ತುದಿ ಎಲೆಗಳು ಹಳದಿಯಾಗಲು ಮುಖ್ಯವಾಗಿ ಎರಡು ಕಾರಣಗಳುಂಟು. ಒಂದು ಕಬ್ಬಿಣದ ಕೊರತೆ, ಇನ್ನೊಂದು ಬಿಳಿನೊಣ ಹರಡುವ ಹಳದಿ ನರ ನಂಜು ರೋಗ. ದೂರದಿಂದ ತೆಗೆದ ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೊರತೆಯನ್ನು ಸಿಂಪಡಣೆಯಿಂದ ಸರಿಪಡಿಸಬಹುದು. ನಂಜಿಗೆ ಔಷಧವಿಲ್ಲ, ರೋಗ ಬಂದ ಗಿಡವನ್ನು ಬೇಗ ಕಿತ್ತುಹಾಕಿ ಬಿಳಿನೊಣವನ್ನು ಹತೋಟಿಗೆ ತರಬೇಕಷ್ಟೆ. ಹೀಗಾಗಿ ಹೆಸರು ತಪ್ಪಿದರೆ ದುಡ್ಡೂ ದಂಡ, ಬೆಳೆಯೂ ದಂಡ.

ಫೋಟೊದಲ್ಲಿ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಹಳದಿಯಾದ ಎಲೆ ಗಿಡದಲ್ಲಿ ಎಲ್ಲಿದೆ ಎಂಬುದನ್ನು. ಸಾರಜನಕ, ಪೊಟ್ಯಾಷ್ ಮತ್ತು ಮೆಗ್ನೀಶಿಯಂ ಕಡಿಮೆಯಾದಾಗ ಗಿಡ ಅವನ್ನು ಹಳೆಯ ಎಲೆಗಳಿಂದ ಹಿಂದೆಗೆದು ಚಿಗುರಿಗೆ ಸಾಗಿಸುತ್ತದೆ. ಆದ್ದರಿಂದ ಬುಡದ ಎಲೆಗಳು ಮೊದಲು ಬಣ್ಣಗೆಡುತ್ತವೆ. ಸಾರಜನಕ ಸಾಲದಿದ್ದರೆ ಇಡೀ ಎಲೆ ಮಂಕಾಗಿ ಹಳದಿಯಾಗುತ್ತದೆ, ಪೊಟ್ಯಾಷ್ ಸಾಲದಿದ್ದರೆ ಅಂಚು ಸುಟ್ಟಂತಾಗುತ್ತದೆ, ಮೆಗ್ನೀಶಿಯಂ ಸಾಲದಿದ್ದರೆ ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಸಾಗುವಂಥದ್ದಲ್ಲ. ಒಮ್ಮೆ ಒಂದು ಎಲೆ ಸೇರಿದರೆ ಅಲ್ಲೇ ಉಳಿಯುತ್ತದೆ. ಅದಕ್ಕೇ ಅದರ ಕೊರತೆ ಚಿಗುರಿನಲ್ಲಿ ಕಾಣಿಸಿಕೊಳ್ಳುತ್ತದೆ. ನಂಜಿನ ಗುರುತೂ ಎಳೆಯ ಎಲೆಯಲ್ಲೇ ಎದ್ದು ಕಾಣುವುದರಿಂದ ತೊಡಕು ಶುರುವಾಗುವುದು ಇಲ್ಲಿಯೇ.

ಬಿಡಿಸುವ ದಾರಿ ನರದಲ್ಲಿದೆ. ಕಬ್ಬಿಣ ಕಡಿಮೆಯಾದ ಎಲೆಯಲ್ಲಿ ನರಗಳು ಹಸಿರಾಗಿಯೇ ಇದ್ದು, ಅವುಗಳ ನಡುವಿನ ಜಾಗ ಹಳದಿಯಾಗುತ್ತದೆ. ನಂಜು ತಗುಲಿದ ಎಲೆಯಲ್ಲಿ ಇದು ತಿರುವುಮುರುವು: ನರಗಳೇ ಹಳದಿಯಾಗಿ, ನಡುವಿನ ಜಾಗ ಹಸಿರಾಗಿ ಉಳಿದು, ಹಸಿರು ಬಟ್ಟೆಯ ಮೇಲೆ ಹಳದಿ ಬಲೆ ಹಾಸಿದಂತೆ ಕಾಣುತ್ತದೆ.

ಒಂದು ಉದಾಹರಣೆ. ಸುಣ್ಣದಂಶವಿರುವ ಎರೆಭೂಮಿಯ ಬೆಂಡೆ ಹೊಲದಿಂದ ಎರಡು ಫೋಟೊ ಬಂದಿವೆ ಎಂದುಕೊಳ್ಳೋಣ. ಮೊದಲನೆಯದರಲ್ಲಿ ನೀರು ನಿಲ್ಲುವ ತಗ್ಗಿನುದ್ದಕ್ಕೂ ಗಿಡಗಳ ತುದಿ ಮಂಕಾಗಿದೆ. ಹಿಗ್ಗಿಸಿ ನೋಡಿದರೆ ನಡುನರದ ಎರಡೂ ಬದಿಗೆ ಹಳದಿ ಸಮನಾಗಿ ಹರಡಿದೆ, ಸಣ್ಣ ನರಗಳೂ ಹಸಿರಾಗಿವೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕುವುದಿಲ್ಲ. ನೀರು ನಿಂತರೆ ಬೇರಿನ ಶಕ್ತಿಯೂ ಕುಂದುತ್ತದೆ. ಇದು ಕೊರತೆ. ಎರಡನೆಯ ಫೋಟೊದಲ್ಲಿ ಹಸಿರು ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಹಳದಿಯಾಗಿದೆ. ನರಗಳು ದಪ್ಪನಾಗಿ ಹಳದಿಯಾಗಿವೆ, ಕಾಯಿಯೂ ಬಿಳಿಚಿ ಗಿಡ್ಡಗಾಗಿದೆ. ಇದು ನಂಜು. ಮಣ್ಣಿನ ದೋಷ ಸಾಮಾನ್ಯವಾಗಿ ಪಟ್ಟೆಯಾಗಿ ಕಾಣುತ್ತದೆ, ನೊಣ ತಂದ ರೋಗ ಆರಂಭದಲ್ಲಿ ಬಿಡಿ ಬಿಡಿ ಗಿಡಗಳಲ್ಲಿ.

ಎಲೆ ಪೂರ್ತಿ ಹಳದಿಯಾದ ಮೇಲೆ ಈ ಗುರುತು ಅಳಿಸಿಹೋಗುತ್ತದೆ. ತೀವ್ರ ಕೊರತೆಯಲ್ಲಿ ಚಿಗುರು ಬೆಳ್ಳಗಾಗುತ್ತದೆ, ಮುಂದುವರಿದ ನಂಜಿನಲ್ಲೂ ಎಲೆಯಲ್ಲಿ ಹಸಿರು ಉಳಿಯುವುದಿಲ್ಲ. ರೈತರು ಕಳಿಸುವುದು ಹೆಚ್ಚಾಗಿ ಅತಿ ಕೆಟ್ಟ ಎಲೆಯ ಚಿತ್ರವನ್ನೇ. ಬೇಕಾದದ್ದು ಆಗಷ್ಟೇ ಬಣ್ಣಗೆಡುತ್ತಿರುವ, ಅದಕ್ಕಿಂತ ಕಡಿಮೆ ಕೆಟ್ಟ ಎಲೆ.

ಹೊಲದ ನೋಟ, ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಅಡಿಭಾಗ ಹೀಗೆ ನಾಲ್ಕು ಫೋಟೊ ಇದ್ದರೆ ಒಳ್ಳೆಯದು. ಅಡಿಭಾಗದಲ್ಲಿ ಬಿಳಿನೊಣ ಇದೆಯೇ ಎಂದು ತಿಳಿಯುತ್ತದೆ. ಅಲ್ಲಿ ಬೂಷ್ಟು ಕಂಡರೆ ಅದು ಶಿಲೀಂಧ್ರದ ಕೆಲಸ. ಸಂಜೆ ಬಿಸಿಲಿನಲ್ಲಿ ಹಸಿರು ಎಲೆಯೂ ಹಳದಿಯಾಗಿ ಕಾಣುತ್ತದೆ, ಮೊಬೈಲ್ ಕ್ಯಾಮೆರಾ ಕೂಡ ತಾನಾಗಿಯೇ ಬಣ್ಣ ತಿದ್ದುತ್ತದೆ. ಎಲೆಯನ್ನು ನೆರಳಿನಲ್ಲಿ ಬಿಳಿ ಕಾಗದದ ಮೇಲಿಟ್ಟು ತೆಗೆದರೆ, ಕಾಗದ ಬಿಳಿಯಾಗಿ ಕಾಣುತ್ತದೆಯೋ ಇಲ್ಲವೋ ಎಂಬುದರಿಂದಲೇ ಬಣ್ಣವನ್ನು ನಂಬಬಹುದೇ ಎಂದು ಗೊತ್ತಾಗುತ್ತದೆ.

ಅಷ್ಟಾದರೂ ಫೋಟೊ ಹೇಳಲಾರದ ಸಂಗತಿಗಳಿವೆ. ಮ್ಯಾಂಗನೀಸ್ ಕೊರತೆ ಕಬ್ಬಿಣದ ಕೊರತೆಯನ್ನೇ ಹೋಲುತ್ತದೆ. ಇದನ್ನು ಹೊಲದಲ್ಲೇ ಪರೀಕ್ಷಿಸಬಹುದು: ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ತಂಪು ಹೊತ್ತಿನಲ್ಲಿ ಎಲೆಯ ಅರ್ಧಕ್ಕೆ ಮಾತ್ರ ಸವರಬೇಕು. ಸುಮಾರು ಒಂದು ವಾರದಲ್ಲಿ ಸವರಿದ ಅರ್ಧ ಹಸಿರಾಗಿ, ಉಳಿದರ್ಧ ಹಳದಿಯಾಗಿಯೇ ಇದ್ದರೆ ಕೊರತೆ ಕಬ್ಬಿಣದ್ದೇ. ಎರಡೂ ಹಾಗೆಯೇ ಉಳಿದರೆ ಎಲೆ, ಮಣ್ಣುಗಳ ಪರೀಕ್ಷೆ ಆಗಬೇಕು. ಅದಕ್ಕೂ ಮುಂಚೆ ಒಂದು ಗಿಡ ಕಿತ್ತು ಬೇರು ನೋಡುವುದು ಲೇಸು: ಬೇರಿನಲ್ಲಿ ಗಂಟುಗಳಿದ್ದರೆ ಜಂತುಹುಳು ಬೇರನ್ನು ಕೆಡಿಸಿ ಪೋಷಕಾಂಶ ಮೇಲೇರದಂತೆ ತಡೆದಿದೆ ಎಂದರ್ಥ. ಆಗ ಎಲೆಗೆ ಏನು ಸಿಂಪಡಿಸಿದರೂ ಹಳದಿ ಮರಳಿ ಬರುತ್ತದೆ.