ಒಂದೇ ಧಾಟಿ, ಬೇರೆ ಬೇರೆ ಹಾಡು

ಒಂದು ಶಾಲೆಯಲ್ಲಿ ನಕ್ಷತ್ರದ ಹಾಡು, ಇನ್ನೊಂದರಲ್ಲಿ ಎಬಿಸಿಡಿ, ಮತ್ತೊಂದರಲ್ಲಿ ಕರಿಕುರಿಯ ಉಣ್ಣೆಯ ಹಾಡು. ಮಾತು ಬಿಟ್ಟು ಸ್ವರ ಹಿಡಿಯಿರಿ: ಸಸ ಪಪ ದದ ಪಾ, ಮಮ ಗಗ ರಿರಿ ಸಾ. ಮೂರಕ್ಕೂ ಅದೇ ಧಾಟಿ. ನಮ್ಮ ಶಂಕರಾಭರಣದ ಸ್ವರಗಳಲ್ಲೇ ಅದನ್ನು ಹಾಡಬಹುದು.

ಆದರೂ ಬೇರೆ ಬೇರೆ ಎನಿಸುವುದು ಅಕ್ಷರಗಳ ಲೆಕ್ಕದಿಂದ. ಕುರಿಯ ಹಾಡಿನಲ್ಲಿ ಎರಡು 'ದ'ಗಳ ಜಾಗಕ್ಕೆ ನಾಲ್ಕು ಅಕ್ಷರ ನುಗ್ಗುತ್ತವೆ. ಎಬಿಸಿಡಿಯಲ್ಲಿ ಎಲ್, ಎಂ, ಎನ್, ಓ ನಾಲ್ಕೂ ಎರಡು 'ರಿ'ಗಳ ಹೊತ್ತಿನಲ್ಲಿ ಮುಗಿಯಬೇಕು. ಪುಟಾಣಿಗಳು ಅವನ್ನು ಒಂದೇ ಅಕ್ಷರವೆಂದು ಭಾವಿಸುವುದು ಅದಕ್ಕೇ!

ಧಾಟಿ ಮೊಜಾರ್ಟ್‌ನದು ಎಂಬ ಮಾತು ಬಹಳ ಹಬ್ಬಿದೆ. ಅದು ನಿಜವಲ್ಲ. ಅವನು 1780ರ ದಶಕದ ಆರಂಭದಲ್ಲಿ ಅದರ ಮೇಲೆ 12 ರೂಪಾಂತರಗಳನ್ನು ರಚಿಸಿದ, ಅಷ್ಟೆ. 1761ರಲ್ಲೇ, ಅವನಿಗೆ ಐದು ವರ್ಷವಿದ್ದಾಗ, ಅದು ಫ್ರಾನ್ಸಿನಲ್ಲಿ ಅಚ್ಚಾಗಿತ್ತು. ಅಲ್ಲಿ ಅದಕ್ಕೆ ಕೂಡಿಕೊಂಡದ್ದು, ಮಗಳು ಅಮ್ಮನಲ್ಲಿ ತನ್ನ ಪ್ರೇಮ ತೋಡಿಕೊಳ್ಳುವ ಹಾಡು. ನಕ್ಷತ್ರದ ಪದ್ಯವನ್ನು ಇಂಗ್ಲೆಂಡಿನ ಜೇನ್ ಟೇಲರ್ ಪ್ರಕಟಿಸಿದ್ದು 1806ರಲ್ಲಿ. ಎಬಿಸಿಡಿ 1835ರಲ್ಲಿ ಬಾಸ್ಟನ್‌ನಲ್ಲಿ ಅಚ್ಚಾಯಿತು. ಅಚ್ಚಿನ ವರ್ಷ ಧಾಟಿ ಹುಟ್ಟಿದ ವರ್ಷವಲ್ಲ. ಅದಕ್ಕೂ ಮೊದಲು ಅದು ಎಷ್ಟು ಬಾಯಿಗಳಲ್ಲಿ ಓಡಾಡಿತ್ತೋ, ಕಾಗದ ಹೇಳುವುದಿಲ್ಲ.