ಚೀಲದ ಮೇಲಿನ ಮೂರು ಅಂಕಿಗಳು

2022ರಿಂದ ಸಬ್ಸಿಡಿ ಗೊಬ್ಬರಗಳ ಚೀಲದ ಮೇಲೆ ‘ಭಾರತ್’ ಎಂಬ ಹೆಸರೇ ದೊಡ್ಡದಾಗಿರುತ್ತದೆ. ಕಂಪನಿಯ ಹೆಸರು ಚಿಕ್ಕದು. ರೈತ ಓದಬೇಕಾದದ್ದು ಅದರ ಜೊತೆಗಿರುವ ಅಂಕಿಗಳನ್ನು. 10-26-26 ಎಂದರೆ ನೂರು ಕೆಜಿಯಲ್ಲಿ 10 ಕೆಜಿ ಸಾರಜನಕ, 26 ಕೆಜಿ ರಂಜಕ, 26 ಕೆಜಿ ಪೊಟ್ಯಾಷ್. ಅಂಕಿ ಒಂದೇ ಆಗಿದ್ದರೆ ಯಾವ ಕಂಪನಿಯದಾದರೂ ಪೋಷಕಾಂಶ ಅಷ್ಟೇ, ಕಡಿಮೆ ಬೆಲೆಯದನ್ನು ಧೈರ್ಯವಾಗಿ ತರಬಹುದು.

ಮಳೆಯಾಶ್ರಿತ ರಾಗಿಯನ್ನು ನೋಡೋಣ. ಎಕರೆಗೆ ಸುಮಾರು 20 ಕೆಜಿ ಸಾರಜನಕ, 16 ಕೆಜಿ ರಂಜಕ, 15 ಕೆಜಿ ಪೊಟ್ಯಾಷ್ ಬೇಕು. ಅನೇಕರು 50 ಕೆಜಿಯ ಒಂದು ಚೀಲ ಡಿಎಪಿ ಹಾಕಿ ಸುಮ್ಮನಾಗುತ್ತಾರೆ. ಡಿಎಪಿ 18-46-0. ಆ ಚೀಲದಲ್ಲಿ ಸಿಗುವುದು 9 ಕೆಜಿ ಸಾರಜನಕ, 23 ಕೆಜಿ ರಂಜಕ. ರಂಜಕ 7 ಕೆಜಿ ಹೆಚ್ಚು, ಸಾರಜನಕ ಅರ್ಧಕ್ಕಿಂತ ಕಡಿಮೆ, ಪೊಟ್ಯಾಷ್ ಸೊನ್ನೆ. ಪೈರಿನ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗುತ್ತಾ ಬಂದರೆ ಸಾರಜನಕದ ಕೊರತೆಯನ್ನು ಶಂಕಿಸಬೇಕು.

ಅದರ ಬದಲು 10-26-26 ಗೊಬ್ಬರವನ್ನು 60 ಕೆಜಿ ಕೊಟ್ಟರೆ ರಂಜಕ, ಪೊಟ್ಯಾಷ್ ಎರಡೂ ಹೆಚ್ಚುಕಡಿಮೆ ಪೂರೈಸುತ್ತವೆ, 6 ಕೆಜಿ ಸಾರಜನಕವೂ ಸಿಗುತ್ತದೆ. ಉಳಿದ 14 ಕೆಜಿಗೆ 30 ಕೆಜಿ ಯೂರಿಯಾ ಸಾಕು, ಏಕೆಂದರೆ ಯೂರಿಯಾದಲ್ಲಿ ಶೇ 46 ಸಾರಜನಕ. ಅದರಲ್ಲಿ ಒಂದು ಪಾಲನ್ನು ಬಿತ್ತನೆಗೆ ಕೊಟ್ಟು, ಉಳಿದದ್ದನ್ನು ಮಳೆ ಬಿದ್ದು ನೆಲ ಹಸಿಯಿದ್ದಾಗ ಮೇಲುಗೊಬ್ಬರವಾಗಿ ಹಾಕಬೇಕು.

ಡಿಎಪಿಯೇ ಸಿಕ್ಕರೂ ಚಿಂತೆಯಿಲ್ಲ. 35 ಕೆಜಿ ಡಿಎಪಿ, 30 ಕೆಜಿ ಯೂರಿಯಾ, 25 ಕೆಜಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸೇರಿದರೆ ಫಲಿತಾಂಶ ಅದೇ. ಅಂಗಡಿಯಲ್ಲಿ ಹೋಲಿಸಬೇಕಾದದ್ದು ಚೀಲದ ಬೆಲೆಯನ್ನಲ್ಲ, ಈ ಎರಡು ಲೆಕ್ಕಗಳ ಒಟ್ಟು ಖರ್ಚನ್ನು. ಮಣ್ಣು ಪರೀಕ್ಷೆಯಲ್ಲಿ ರಂಜಕ ಹೆಚ್ಚಿದೆಯೆಂದು ಬಂದಿದ್ದರೆ ಮಾತ್ರ ಮೊದಲು ಆ ಪ್ರಮಾಣ ತಗ್ಗಿಸಿ, ಆಮೇಲೆ ಲೆಕ್ಕ ಹಾಕಿ.