ಕೆಲಸ ಹೋದ ಸುದ್ದಿಯನ್ನು ಹೇಳುವ ಬಗೆ

ಕೆಲಸ ಹೋದ ಸುದ್ದಿಯನ್ನು ಮುಚ್ಚಿಡುವುದು ನಮ್ಮ ಮಧ್ಯಮವರ್ಗದ ಹಳೆಯ ರೂಢಿ. ಎಂದಿನಂತೆ ಬುತ್ತಿ ಹಿಡಿದು ಹೊರಟು, ಸಂಜೆಯವರೆಗೆ ಉದ್ಯಾನದಲ್ಲಿ ಕುಳಿತು ಮನೆಗೆ ಹಿಂದಿರುಗಿದವರ ಕತೆಗಳನ್ನು ನಾವು ಕೇಳಿಲ್ಲವೆ? ಹಲವು ವರ್ಷ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ದುಡಿದವನಾಗಿ, ಈ ಸುದ್ದಿಯನ್ನು ಯಾರಿಗೆ, ಯಾವ ಮಾತುಗಳಲ್ಲಿ ತಿಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಯಾರಿಗೆ ಎಂಬುದು ಮೊದಲ ಪ್ರಶ್ನೆ. ಆಪ್ತರಿಗಷ್ಟೇ ಹೇಳಿದರೆ ಸಾಕೆಂದು ನಮಗೆ ತೋರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಬೇರೆಯದನ್ನೇ ಹೇಳುತ್ತದೆ. ಬೋಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಪರಿಚಿತರ ಮೂಲಕ ಕೆಲಸ ಪಡೆದವರನ್ನು ಆತ ವಿಚಾರಿಸಿದಾಗ, ಪದೇ ಪದೇ ಭೇಟಿಯಾಗುವವರಿಂದ ಸುಳಿವು ಪಡೆದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಕಾಣುವವರಿಂದ ಆ ಸುಳಿವನ್ನು ಪಡೆದಿದ್ದರು. ಕಾರಣ ಸರಳವಾದುದು. ಆಪ್ತನಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ; ದೂರದ ಪರಿಚಿತನು ಓಡಾಡುವ ವಲಯವೇ ಬೇರೆ. ಆದಕಾರಣ ಸುದ್ದಿ ಬಹಿರಂಗವಾಗಿಯೇ ಹೋಗಬೇಕು.

ಆದರೆ ದೂರದ ಪರಿಚಿತನಿಗೆ ನಮ್ಮ ವೃತ್ತಿಯ ವಿವರ ತಿಳಿದಿರುವುದಿಲ್ಲ. ಮಾತಿನ ಸ್ಪಷ್ಟತೆ ಅಗತ್ಯವಾಗುವುದು ಇಲ್ಲಿಯೇ. ಬೆಂಗಳೂರಿನ ಪೀಣ್ಯದಲ್ಲಿ ಖರೀದಿ ವಿಭಾಗದಲ್ಲಿದ್ದ ನನ್ನ ಪರಿಚಯದ ಒಬ್ಬರು ಹುದ್ದೆ ಕಳೆದುಕೊಂಡ ವಾರದಲ್ಲಿ ಹೀಗೆ ಬರೆದು ಹಲವರಿಗೆ ಕಳುಹಿಸಿದರು: ‘ನನಗೊಂದು ಕೆಲಸ ಬೇಕಾಗಿದೆ. ಎಲ್ಲಾದರೂ ಇದ್ದರೆ ತಿಳಿಸಿ.’ ‘ಧೈರ್ಯವಾಗಿರಿ, ದೇವರಿದ್ದಾನೆ’ ಎಂಬ ಉತ್ತರಗಳು ಬಂದವು. ಒಂದರಲ್ಲಾದರೂ ಒಬ್ಬ ವ್ಯಕ್ತಿಯ ಹೆಸರಿರಲಿಲ್ಲ. ಬರಿಯ ಅನುಕಂಪ ಬಂದಿತೆಂದರೆ ಕೇಳಿಕೆ ಅಸ್ಪಷ್ಟವಾಗಿತ್ತೆಂದೇ ಅರ್ಥ. ‘ಯಾವುದಾದರೂ ಕೆಲಸ’ ಎಂದವನಿಗಾಗಿ ಯಾರನ್ನು ನೆನೆಯಬೇಕೆಂಬುದು ಓದುಗನಿಗೆ ಹೊಳೆಯುವುದಿಲ್ಲ.

ನಾವಿಬ್ಬರೂ ಕುಳಿತು ಅದನ್ನು ಮತ್ತೆ ಬರೆದೆವು: ‘ನಮ್ಮ ಕಾರ್ಖಾನೆ ಒಂದು ವಿಭಾಗವನ್ನೇ ಮುಚ್ಚಿದ್ದರಿಂದ ಕಳೆದ ತಿಂಗಳ ಕೊನೆಗೆ ನನ್ನ ಹುದ್ದೆ ಹೋಯಿತು. ಎರಕದ ಬಿಡಿಭಾಗಗಳ ಖರೀದಿಯಲ್ಲಿ 11 ವರ್ಷ ಕೆಲಸ ಮಾಡಿದ್ದೇನೆ. ಬೆಳಗಾವಿ, ಕೊಯಮತ್ತೂರುಗಳ ಫೌಂಡ್ರಿಗಳೊಡನೆ ವ್ಯವಹರಿಸಿದ್ದೇನೆ. ಪಂಪು ಅಥವಾ ವಾಲ್ವು ತಯಾರಿಸುವ ಕಾರ್ಖಾನೆಯಲ್ಲಿ ಖರೀದಿ ಮ್ಯಾನೇಜರ್ ಹುದ್ದೆ ಹುಡುಕುತ್ತಿದ್ದೇನೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಎಲ್ಲಿಯಾದರೂ ಕೂಡಲೇ ಸೇರಬಲ್ಲೆ. ಅಂಥ ಕಾರ್ಖಾನೆಯ ಖರೀದಿ ಮುಖ್ಯಸ್ಥರು ತಮಗೆ ಪರಿಚಿತರಿದ್ದರೆ, ಅವರೊಡನೆ 15 ನಿಮಿಷ ಮಾತನಾಡಲು ಅನುವು ಮಾಡಿಕೊಡುವಿರಾ?’

ಇದರಲ್ಲಿ ಮೊರೆಯಿಲ್ಲ. ಹುದ್ದೆ ಹೋದ ಕಾರಣವು ಒಂದೇ ವಾಕ್ಯದಲ್ಲಿ ಮುಗಿದು, ಊಹಾಪೋಹಕ್ಕೆ ಎಡೆಯಿಲ್ಲದಂತಾಗಿದೆ. ಹುದ್ದೆಯ ಹೆಸರು ಜಾಹೀರಾತುಗಳಲ್ಲಿ ಕಾಣುವಂಥದೇ ಆಗಿದೆ. ಮುಖ್ಯವಾಗಿ, ಕೊನೆಯಲ್ಲಿ ಕೇಳಿರುವುದು ಕೆಲಸವನ್ನಲ್ಲ, ಪರಿಚಯವನ್ನು. ಕೆಲಸ ಕೊಡುವುದು ಕೆಲವರಿಗಷ್ಟೇ ಸಾಧ್ಯ. ಪರಿಚಯ ಮಾಡಿಸುವುದು ಅನೇಕರಿಗೆ ಸಾಧ್ಯ. ಓದಿದವರು ಹಾಗೆಯೇ ಮತ್ತೊಬ್ಬರಿಗೆ ಕಳುಹಿಸುವಷ್ಟು ಅದು ಚಿಕ್ಕದೂ ಆಗಿದೆ.

ವರ್ಷಕ್ಕೊಮ್ಮೆ ಭೇಟಿಯಾಗುತ್ತಿದ್ದ ಬೆಳಗಾವಿಯ ಫೌಂಡ್ರಿ ಮಾಲೀಕರೊಬ್ಬರಿಗೂ ಅದು ತಲುಪಿತು. ಎರಕ ಮಾರುವವರಿಗೆ ಎರಕ ಕೊಳ್ಳುವವರೆಲ್ಲ ಗೊತ್ತಿರುವುದು ಸಹಜವಷ್ಟೆ! ಅವರು ತಮ್ಮ ಗಿರಾಕಿಯೊಬ್ಬರ ಒಪ್ಪಿಗೆಯನ್ನು ಮೊದಲು ಕೇಳಿ, ಆಮೇಲೆ ಇಬ್ಬರನ್ನೂ ಜೋಡಿಸಿದರು. ಈ ಕ್ರಮವೇ ಸರಿಯಾದುದು. ಒಪ್ಪಿಗೆಯಿಲ್ಲದೆ ಫೋನ್ ನಂಬರು ಹಂಚಿದರೆ ಮಧ್ಯಸ್ಥನ ಮಾತಿಗೆ ಬೆಲೆ ಉಳಿಯದು. ಆ ಗಿರಾಕಿಯ ಬಳಿ ಜಾಗವಿರಲಿಲ್ಲ. ಆದರೆ ಅವರು ಹುಬ್ಬಳ್ಳಿಯ ಇನ್ನೊಬ್ಬರ ಹೆಸರು ಹೇಳಿದರು. ಕೆಲಸ ದೊರೆತದ್ದು ಅಲ್ಲಿ. ಪ್ರತಿಯೊಂದು ಮಾತುಕತೆಯ ಫಲವನ್ನೂ ನನ್ನ ಪರಿಚಿತರು ಆ ಮಾಲೀಕರಿಗೆ ತಿಳಿಸುತ್ತ ಬಂದಿದ್ದರು.

ಈ ವಿಧಾನಕ್ಕೆ ಮಿತಿಗಳೂ ಉಂಟು. ‘ಸೈನ್ಸ್’ ಪತ್ರಿಕೆಯಲ್ಲಿ 2022ರಲ್ಲಿ ಬಂದ, ಲಿಂಕ್ಡ್‌ಇನ್ ಬಳಸುವ ಸುಮಾರು 2 ಕೋಟಿ ಜನರನ್ನು ಕುರಿತ ಅಧ್ಯಯನವು ತೀರ ದುರ್ಬಲವಾದ ನಂಟಿಗಿಂತ ಸಾಧಾರಣ ದೂರದ ನಂಟು ಹೆಚ್ಚು ಫಲಕಾರಿಯೆಂದು ತೋರಿಸಿತು. ಎಂದೋ ಒಮ್ಮೆ ಹೆಸರು ಸೇರಿಸಿಕೊಂಡವರಿಂದ ಬಹಳ ನಿರೀಕ್ಷಿಸಲಾಗದು. ಇನ್ನೊಂದು, ಬಿಡುಗಡೆಯ ಕಾಗದಗಳಿಗೆ ಸಹಿ ಮಾಡಿದ್ದರೆ ಅದರ ಷರತ್ತುಗಳನ್ನು ಓದಿಯೇ ಬರೆಯಬೇಕು. ಸಂಸ್ಥೆಯನ್ನು ನಿಂದಿಸಕೂಡದೆಂಬ ಷರತ್ತು ಅದರಲ್ಲಿ ಇರಬಹುದು. ಇಲ್ಲದಿದ್ದರೂ ಸಿಟ್ಟಿನ ಮಾತನ್ನು ಬಿಡುವುದೇ ಲೇಸು. ತನ್ನ ಹೆಸರು ಸೇರಿಸಿ ಅಂಥ ಪತ್ರವನ್ನು ಮುಂದಕ್ಕೆ ಕಳುಹಿಸಲು ಯಾವ ಪರಿಚಿತನೂ ಹಿಂಜರಿಯುತ್ತಾನೆ.